ಪಾಲು ಹಾಲಾಯಿತು, ಇರ್ದು ಉಳಿಯಿತು

ಅಮ್ಮನ ಹಾಡಿನ ಪುಸ್ತಕದ ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತವೆ. ಅದರಲ್ಲಿನ ದೇವರ ಹಾಡುಗಳನ್ನು ಹೊಸ ಪುಸ್ತಕಕ್ಕೆ ಇಳಿಸಲು ರಜೆಯಲ್ಲಿ ಮೊಮ್ಮಗಳೂ ನಾನೂ ಕೂತೆವು.

‘ಯೆನ್ನ’ ಎಂದಿದ್ದುದನ್ನು ‘ಎನ್ನ’ ಎಂದು ಬರೆದೆವು. ಓದುವಾಗ ಅಷ್ಟೇನೂ ವ್ಯತ್ಯಾಸವಿಲ್ಲ.

“ಅಜ್ಜಿ, ದೇವರಿಗೆ ಪಾಲು ಕುಡಿಸೋದು ಹೇಗೆ?” ಎಂದಳು. ಹಳಗನ್ನಡದ ‘ಪಾಲು’ ಈಗಿನ ‘ಹಾಲು’. ಹಾಗೇ ಬಿಟ್ಟರೆ ಮಕ್ಕಳಿಗೆ ‘ಭಾಗ’ ಎಂದೇ ಅರ್ಥವಾಗುತ್ತದೆ. ಅದನ್ನೂ ತಿದ್ದಿದೆವು. ನಮ್ಮ ಹಳೆಯ ಪದ್ಯಗಳ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿರುತ್ತದೆ. ಮೊದಲ ‘ಪಾ’ ಹೋಗಿ ‘ಹಾ’ ಬಂದರೆ ಅದು ಕೆಡುವುದಿಲ್ಲ.

ಅದೇ ಧೈರ್ಯದಲ್ಲಿ ಅವಳು ‘ಇರ್ದು’ವನ್ನು ‘ಇದ್ದು’ ಮಾಡಿಬಿಟ್ಟಳು. ಅರ್ಥ ಅದೇ, ಮಾತ್ರೆಯೂ ಅಷ್ಟೇ. ಆದರೆ ಹಾಡಿದಾಗ ಏನೋ ತೊಡಕು. ಸಾಲುಗಳ ಎರಡನೆಯ ಅಕ್ಷರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ನೋಡಿದೆವು. ಮುಂದಿನ ಸಾಲು ‘ನಿರ್ದಯ’ ಎಂದು ಶುರುವಾಗುತ್ತಿತ್ತು! ‘ರ್ದ’ಕ್ಕೆ ‘ರ್ದ’ವೇ ಜೊತೆ. ‘ನಿರ್ದಯ’ವನ್ನು ‘ನಿದ್ದಯ’ ಮಾಡಲಾದೀತೇ? ‘ಇರ್ದು’ ಮರಳಿ ಬಂತು. ಹಾಳೆಯ ಕೆಳಗೆ ‘ಇರ್ದು ಎಂದರೆ ಇದ್ದು’ ಎಂದು ಬರೆದಳು.

ಮರುದಿನ ಅವಳು ಸುತ್ತು ಹಾಕಿಯೇ ತಿದ್ದಲು ಕೂತಳು. ಒಂದು ಸಾಲಿಗೆ ‘ಬಿರ್ದು’, ಅದರ ಜೊತೆಯದಕ್ಕೆ ‘ಎರ್ದು’ ಸಿಕ್ಕಿತು. ಎರಡನ್ನೂ ಒಟ್ಟಿಗೇ ‘ಬಿದ್ದು’, ‘ಎದ್ದು’ ಮಾಡಿದೆವು. ಹಾಡಿ ನೋಡಿದೆ, ಎಲ್ಲೂ ತೊಡಕಲಿಲ್ಲ.