ಗೌಡ್ರಿಗೆ ಬರೆದ ಎರಡು ಮೇಲ್

ಮಾಡಿದ ಕೆಲಸಕ್ಕೆ ದುಡ್ಡು ಕೇಳೋಕೆ ನನಗೆ ಅಷ್ಟೇನೂ ಸಂಕೋಚ ಇಲ್ಲ. ಆದ್ರೆ "ನನ್ನ ಕೆಲಸ ಚೆನ್ನಾಗಿತ್ತು ಅಂತ ನಾಲ್ಕು ಮಾತು ಬರೆದುಕೊಡಿ, ಇನ್ನೊಬ್ಬರಿಗೂ ಹೇಳಿ" ಅಂತ ಕೇಳೋದಿದೆಯಲ್ಲ, ಅದು ಬೇರೆಯೇ ಸಂಕಟ. ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಪ್ರೋಗ್ರಾಂ ಬರೆದುಕೊಡೋಕೆ ಶುರು ಮಾಡಿದ ಮೇಲೆ ಇದರಿಂದ ತಪ್ಪಿಸಿಕೊಳ್ಳೋಕೆ ಆಗ್ಲಿಲ್ಲ. ಒಂದು ಕೆಲಸ ಮುಗಿದಿತ್ತು, ಎರಡನೆಯದು ಕೈಲಿರಲಿಲ್ಲ.

ಮುಗಿದ ಕೆಲಸ ನಮ್ಮ ಹಾನುಬಾಳಿನ ಕಡೆಯ ಒಂದು ಕಾಫಿ ತೋಟದ್ದು. ತೋಟದವರನ್ನು ಇಲ್ಲಿ ಗೌಡ್ರು ಅಂತಷ್ಟೇ ಕರೀತೀನಿ. ಕಾಫಿ ಕುಯ್ಲಿನಲ್ಲಿ ಆಳುಗಳಿಗೆ ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ, ಬೇರೆ ಕೆಲಸ ಮಾಡಿದ ದಿನಕ್ಕೆ ದಿನಗೂಲಿ. ಶನಿವಾರ ಎರಡನ್ನೂ ಕೂಡಿ, ತಗೊಂಡ ಮುಂಗಡ ಕಳೆದು, ಬಟವಾಡೆ. ತೋಟದ ರೈಟರು ಈ ಲೆಕ್ಕ ಮುಗಿಸೋ ಹೊತ್ತಿಗೆ ರಾತ್ರಿ 9 ಆಗ್ತಿತ್ತು, ಆಳುಗಳು ಅಲ್ಲೇ ಕಾಯ್ತಾ ಕೂತಿರ್ತಿದ್ರು. ನಾನು ಬರೆದುಕೊಟ್ಟ ಪ್ರೋಗ್ರಾಂ ಬಂದ ಮೇಲೆ 6 ಗಂಟೆಗೇ ಮುಗೀತಿತ್ತು. ಗೌಡ್ರು ಬಾಕಿ ದುಡ್ಡನ್ನೂ ಕೊಟ್ಟು, "ಚೆನ್ನಾಗಿದೆ ಕಣಪ್ಪ" ಅಂದಿದ್ರು.

ಇದಕ್ಕಿಂತ ಇನ್ನೇನು ಬೇಕು ಅಂತ ಜನವರಿಯಲ್ಲಿ ಒಂದು ಮೇಲ್ ಹಾಕಿದೆ. "ತಾವು ಬಿಡುವಾದಾಗ ನನ್ನ ಸೇವೆಯ ಬಗ್ಗೆ ಒಂದು ಒಳ್ಳೆಯ ಅಭಿಪ್ರಾಯ ಬರೆದುಕೊಡಬೇಕಾಗಿ ವಿನಂತಿ. ತಮ್ಮ ಪರಿಚಯದವರಿಗೂ ನನ್ನ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ" ಅಂತ. ಸುತ್ತಮುತ್ತ ಇನ್ನೂ ಎರಡು ಪ್ಯಾರಾ ವಿನಯ.

ಮೂರು ವಾರ ಉತ್ತರವೇ ಇಲ್ಲ!

ಕೊನೆಗೆ ಹಾನುಬಾಳಿನ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕರು. ನಾನು ಕೇಳೋ ಮೊದಲೇ ಅವರೇ ಹೇಳಿದ್ರು: "ನಿನ್ ಕಾಗದ ನೋಡ್ದೆ ಮಾರಾಯ. ಏನ್ ಬರೀಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ಅದೂ ಅಲ್ದೆ ಒಳ್ಳೇದು ಬರೀರಿ ಅಂದಿದೀಯ. ಆ ಮಳೆ ಬಂದ ದಿನದ್ದು ಬರೀಬಾರ್ದಾ?"

ಯಾವ ಮಳೆ? ಕುಯ್ಲಿನ ನಡುವೆ ಒಂದು ದಿನ ಅಕಾಲದ ಮಳೆ ಬಂದು ಮಧ್ಯಾಹ್ನಕ್ಕೇ ಆಳುಗಳನ್ನು ಮನೆಗೆ ಕಳಿಸಿದ್ರಂತೆ. ರೈಟರು 18 ಜನಕ್ಕೆ ಅರ್ಧ ದಿನ ಅಂತ ಹಾಕಿದ್ರೆ ನನ್ನ ಪ್ರೋಗ್ರಾಂ ಸೊನ್ನೆ ದಿನ ತೋರಿಸಿದೆ. ದಿನದ ಲೆಕ್ಕಕ್ಕೆ ನಾನು ಪೂರ್ಣಾಂಕ ಮಾತ್ರ ಇಟ್ಟಿದ್ದೆ, 0.5 ಅನ್ನೋದು ಕತ್ತರಿಸಿ 0 ಆಗ್ತಿತ್ತು. ರೈಟರು ಕೈಲೇ ಸರಿಮಾಡಿ ಬಟವಾಡೆ ಮುಗಿಸಿದ್ರು, ನನಗೆ ಯಾರೂ ಹೇಳಿರಲಿಲ್ಲ. "ಹುಡುಗ ಬೇಜಾರು ಮಾಡ್ಕೋತಾನೆ" ಅಂತ ದಾಕ್ಷಿಣ್ಯ.

ಅವತ್ತು ನನಗೆ ಹೊಳೆದದ್ದು ಇಷ್ಟು. ದುಡ್ಡು ಕೊಟ್ಟವರೆಲ್ಲ ತೃಪ್ತರಾದ ಗಿರಾಕಿಗಳಲ್ಲ. ನಮ್ಮ ಕಡೆ "ಚೆನ್ನಾಗಿದೆ" ಅನ್ನೋದು ಎಷ್ಟೋ ಸಲ ಮಾತು ಮುಗಿಸೋ ಒಂದು ಮರ್ಯಾದೆ. ಹೊಗಳಿಕೆ ಕೇಳೋ ಮೊದಲು ದೂರು ಕೇಳಬೇಕಿತ್ತು.

ಆ ತಪ್ಪನ್ನು ಅವತ್ತು ರಾತ್ರಿಯೇ ಸರಿಮಾಡಿದೆ. ರೈಟರ ಪಕ್ಕ ಕೂತು ಹಿಂದಿನ ವಾರಗಳ ಲೆಕ್ಕವನ್ನೂ ನೋಡಿದೆ. ಆಮೇಲೆ ಕುಯ್ಲು ಮುಗಿದು, ಕಣದ ಕೆಲಸವೂ ತಗ್ಗೋವರೆಗೆ ಕಾದೆ. ಕುಯ್ಲಿನ ಹೊತ್ತಲ್ಲಿ ಪ್ಲಾಂಟರ್ ಒಬ್ಬರಿಗೆ ಬರೆದುಕೊಡಿ ಅಂತ ಕೇಳಿದ್ದೇ ನನ್ನ ಮೊದಲ ಪೆದ್ದುತನ. ಹಾಗಂತ ತೀರಾ ತಡ ಮಾಡಿದ್ರೆ 9 ಗಂಟೆ 6 ಆದದ್ದು ಮರೆತೇ ಹೋಗುತ್ತೆ. ಏಪ್ರಿಲ್‌ನಲ್ಲಿ ಬರೆದ ಎರಡನೇ ಮೇಲ್ ಇದು:

"ಗೌಡ್ರೇ, ನಮಸ್ಕಾರ. ಅರ್ಧ ದಿನದ ಲೆಕ್ಕ ಸರಿಮಾಡಿದ ಮೇಲೆ ಮತ್ತೇನಾದ್ರೂ ತೊಂದರೆ ಆಯ್ತಾ? ಆಗಿದ್ರೆ ಮೊದಲು ಅದನ್ನೇ ಹೇಳಿ, ಕೆಳಗಿನದು ಆಮೇಲೆ ನೋಡೋಣ.

ಇಲ್ಲ ಅಂದ್ರೆ ಮೂರು ಪ್ರಶ್ನೆ, ಒಂದೊಂದಕ್ಕೆ ಒಂದೊಂದು ಸಾಲು ಸಾಕು. ಮೊದಲು ಬಟವಾಡೆ ದಿನ ಹೇಗಿತ್ತು? ಈಗ ಏನು ಬದಲಾಗಿದೆ? ಯಾವುದು ಸರಿ ಬರಲಿಲ್ಲ? ನಿಮ್ಮ ಮಾತನ್ನು ಜೋಡಿಸಿ ನಿಮಗೇ ಕಳಿಸ್ತೀನಿ. ನೀವು ಒಪ್ಪಿದ ಮೇಲಷ್ಟೇ ಬೇರೆಯವರಿಗೆ ತೋರಿಸ್ತೀನಿ. ನಿಮ್ಮ ಹೆಸರು, ತೋಟದ ಹೆಸರು ಹಾಕಬಹುದಾ ಬೇಡ್ವಾ ತಿಳಿಸಿ. ಕೂಲಿ ದರ, ಆಳಿನ ಸಂಖ್ಯೆ ಎಲ್ಲೂ ಬರಲ್ಲ. ಬೇಡ ಅನ್ನಿಸಿದ್ರೆ ಬೇಡ ಅಂತ ಒಂದು ಪದ ಬರೆದ್ರೂ ಸಾಕು."

ಕೂಲಿ ದರದ ಮಾತು ಯಾಕೆ ಬಂತು ಅಂದ್ರೆ, ಕುಯ್ಲಿನ ಆಳುಗಳು ಕಿಲೋಗೆ ನಾಲ್ಕಾಣೆ ಜಾಸ್ತಿ ಸಿಗೋ ತೋಟಕ್ಕೆ ಹೋಗೇ ಹೋಗ್ತಾರೆ. ಒಂದು ತೋಟದ ದರ ಪಕ್ಕದ ತೋಟಕ್ಕೆ ಗೊತ್ತಾಗೋದು ಯಾವ ಗೌಡ್ರಿಗೂ ಇಷ್ಟ ಇಲ್ಲ. ಮೊದಲ ಮೇಲ್‌ಗೆ ಉತ್ತರ ಬರದೇ ಇರೋಕೆ ಇದೂ ಒಂದು ಕಾರಣ ಅಂತ ಆಮೇಲೆ ರೈಟರು ಹೇಳಿದ್ರು.

ಎರಡನೇ ದಿನಕ್ಕೆ ಉತ್ತರ ಬಂತು: "ಮುಂಚೆ ರಾತ್ರಿ 9 ಆಗ್ತಿತ್ತು. ಈಗ 6ಕ್ಕೆ ಎಲ್ಲರೂ ಮನೆಗೆ ಹೋಗ್ತಾರೆ. ಮಳೆ ದಿನ ಅರ್ಧ ದಿನದ ಲೆಕ್ಕ ತಪ್ಪಿತ್ತು, ಹೇಳಿದ ಮೇಲೆ ಒಂದೇ ರಾತ್ರೀಲಿ ಸರಿ ಮಾಡ್ದ. ಹೆಸರು ಬೇಡ, ಹಾನುಬಾಳಿನ ಬೆಳೆಗಾರ ಅಂತ ಹಾಕು."

ಸುಳ್ಳು ಯಾಕೆ ಹೇಳ್ಲಿ, ಆ ಮೂರನೇ ವಾಕ್ಯ ತೆಗೆದುಬಿಡೋಣ ಅಂತ ಕೈ ತುರಿಸಿತು. ತೆಗೀಲಿಲ್ಲ.

ಪರಿಚಯ ಮಾಡಿಸಿ ಅನ್ನೋದನ್ನು ಆ ಮೇಲ್‌ನಲ್ಲಿ ಬೇಕಂತಲೇ ಬಿಟ್ಟಿದ್ದೆ. ಎರಡು ಭಾರ ಒಟ್ಟಿಗೆ ಹೊರಿಸಿದ್ರೆ ಎರಡೂ ಕೆಳಗೆ ಬೀಳುತ್ತೆ. ಅಭಿಪ್ರಾಯ ಬರೆಯೋದು ಅವರ ಅನುಭವದ ಮಾತು. ಇನ್ನೊಬ್ಬರಿಗೆ ಹೇಳೋದು ಹಾಗಲ್ಲ, ನಾಳೆ ನಾನು ಕೆಲಸ ಕೆಡಿಸಿದ್ರೆ ಸಂಘದ ಮೀಟಿಂಗ್‌ನಲ್ಲಿ ಮಾತು ಕೇಳೋರು ಅವರು. ಹತ್ತು ದಿನ ಬಿಟ್ಟು, ಧನ್ಯವಾದ ಹೇಳುತ್ತಾ ಬರೆದೆ: "ವಾರದ ಬಟವಾಡೆ ಮಾಡೋ, ರೈಟರ್ ಇಟ್ಟಿರೋ ತೋಟ ನಿಮಗೆ ಗೊತ್ತಿರೋದು ಒಂದಿದ್ರೆ, ಕೆಳಗಿನ ನಾಲ್ಕು ಸಾಲನ್ನು ಅವರಿಗೆ ಕಳಿಸ್ತೀರಾ? ಅವರ ನಂಬರ್ ನನಗೆ ಕೊಡಬೇಡಿ. ಬೇಕಾದ್ರೆ ಅವರೇ ನನಗೆ ಫೋನ್ ಮಾಡ್ಲಿ." ಕೆಳಗೆ ನಾಲ್ಕು ಸಾಲು: ಪ್ರೋಗ್ರಾಂ ಏನು ಮಾಡುತ್ತೆ, ಏನು ಮಾಡಲ್ಲ, ಎಷ್ಟು ದಿನ ಬೇಕು, ನನ್ನ ನಂಬರ್. "ಯಾರಿಗಾದ್ರೂ ಹೇಳಿ" ಅಂದ್ರೆ ಯಾರ ಮುಖವೂ ನೆನಪಾಗಲ್ಲ. "ರೈಟರ್ ಇಟ್ಟಿರೋ ತೋಟ" ಅಂದ್ರೆ ಒಂದಾದ್ರೂ ನೆನಪಾಗುತ್ತೆ.

ಕೆಲಸ ಸಿಕ್ಕಿದ್ರೆ ಗೌಡ್ರಿಗೆ ಮುಂದಿನ ವರ್ಷದ ಶುಲ್ಕದಲ್ಲಿ ಸ್ವಲ್ಪ ಬಿಡೋಣ ಅಂತಲೂ ಅಂದುಕೊಂಡಿದ್ದೆ. ಬರೆದು ಅಳಿಸಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಜಾಹೀರಾತಿನಲ್ಲಿ ಬರೋ ಅಭಿಪ್ರಾಯ ಪ್ರಾಮಾಣಿಕವಾಗಿರಬೇಕು, ಅದರ ಮೇಲೆ ಪ್ರಭಾವ ಬೀರೋಂಥ ಸಂಬಂಧ ಇದ್ದರೆ ಅದನ್ನು ತಿಳಿಸಬೇಕು. ಅದಿರಲಿ, ನಾನು ಕಮಿಷನ್ ಕೊಡ್ತೀನಿ ಅಂದಿದ್ರೆ ಗೌಡ್ರು ಆ ನಾಲ್ಕು ಸಾಲನ್ನು ಖಂಡಿತ ಕಳಿಸ್ತಿರಲಿಲ್ಲ. ಅದು ಅವರ ಮಾತಿಗೆ ಬೆಲೆ ಕಟ್ಟಿದ ಹಾಗೆ ಆಗ್ತಿತ್ತು.

ಮೇ ತಿಂಗಳಲ್ಲಿ ಮೂಡಿಗೆರೆ ರಸ್ತೆಯ ಒಂದು ತೋಟದಿಂದ ಫೋನ್ ಬಂತು. ನಮಸ್ಕಾರ ಆದ ಕೂಡಲೇ ಕೇಳಿದ ಮೊದಲ ಪ್ರಶ್ನೆ:

"ಅದೇನೋ ಅರ್ಧ ದಿನದ ಲೆಕ್ಕ ತಪ್ಪಿತ್ತಂತಲ್ಲ, ಅದು ಈಗ ಸರಿ ಇದೆಯಾ?"

ಸರಿ ಇದೆ ಅಂದೆ. "ಹಾಗಾದ್ರೆ ಒಂದ್ಸಲ ಬಂದು ತೋರ್ಸಿ. ಬರೀ ಹೊಗಳಿಕೆ ಬರೆದಿದ್ರೆ ನಾನು ಫೋನೇ ಮಾಡ್ತಿರಲಿಲ್ಲ" ಅಂದ್ರು. ಮುಂದಿನ ಕುಯ್ಲಿಗೆ ಮುಂಚೆ ಅವರದ್ದು ಮುಗಿಸಿಕೊಡಬೇಕು. ಈ ಸಲ ಅರ್ಧ ದಿನದ ಲೆಕ್ಕವನ್ನೇ ಮೊದಲು ಬರೆದಿದ್ದೀನಿ :)

ನೀವೂ ಯಾರ ಹತ್ರಾನಾದ್ರೂ ಹೀಗೆ ಕೇಳಿದ್ದೀರಾ? ಬರಿಗೈಲಿ ವಾಪಸ್ ಬಂದದ್ದಿದ್ರೆ ಅದನ್ನೂ ಹೇಳಿ.