ಮೊದಲ ಮೆಸೇಜ್ ಓದಿದ್ದು ಅವರಪ್ಪ

ಆ ಪ್ರೊಫೈಲ್ ಕಣ್ಣಿಗೆ ಬಿದ್ದಾಗ ನಾನು ಬೆಂಗಳೂರಿನ ಪಿಜಿ ರೂಮಿನಲ್ಲಿ ಮೊಸರನ್ನ ತಿನ್ನುತ್ತಾ ಕೂತಿದ್ದೆ. ವಯಸ್ಸು ಮೂವತ್ತೆರಡು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಊರು ಶಿಕಾರಿಪುರ ತಾಲ್ಲೂಕಿನ ತೊಗರ್ಸಿ. ಒಂದೂವರೆ ವರ್ಷದಿಂದ ಮ್ಯಾಟ್ರಿಮೊನಿ ಸೈಟಿನಲ್ಲಿದ್ದೆ. ಅಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ‘ಇಂಟರೆಸ್ಟ್’ ಬಟನ್ ಒತ್ತಿದ್ದೆ. ಹಾಗೆ ಒತ್ತಿದಾಗ ಸೈಟೇ ಒಂದು ಸಿದ್ಧ ಸಾಲು ಕಳಿಸುತ್ತೆ: ನಿಮ್ಮ ಪ್ರೊಫೈಲ್ ಇಷ್ಟವಾಯಿತು, ಮುಂದುವರಿಯೋಣವೇ ಅಂತ. ಒಪ್ಪಿಕೊಂಡವರು ಮೂವರು. (ಜಾತಿ, ಒಳಪಂಗಡ, ನಕ್ಷತ್ರದ ಫಿಲ್ಟರ್‌ಗಳನ್ನೆಲ್ಲ ಮನೆಯವರೇ ಹಾಕಿಟ್ಟಿದ್ದರು. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ, ಸಿಟ್ಟು ಇಳಿದ ಮೇಲೆ.)

ಈ ಪ್ರೊಫೈಲ್ ಸೊರಬ ತಾಲ್ಲೂಕಿನವರದ್ದು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಪರಿಚಯದ ಜಾಗದಲ್ಲಿ ಮೊದಲ ನಾಲ್ಕು ಸಾಲು ಎಲ್ಲರ ಪ್ರೊಫೈಲಲ್ಲೂ ಇರುವಂಥದ್ದೇ: ನಮ್ಮ ಮಗಳು ಸರಳ ಸ್ವಭಾವದವಳು, ಹಿರಿಯರಿಗೆ ಗೌರವ ಕೊಡುವವಳು. ಕೊನೆಯಲ್ಲಿ ಮಾತ್ರ ದನಿ ಬದಲಾಗಿತ್ತು. ‘ವರ್ಷಕ್ಕೊಮ್ಮೆ ಮಕ್ಕಳನ್ನು ಬಳ್ಳಿಗಾವಿ, ತಾಳಗುಂದಕ್ಕೆ ಕರ್ಕೊಂಡು ಹೋಗ್ತೀನಿ. ದೇವಸ್ಥಾನ ತೋರಿಸೋಕ್ಕಿಂತ ಅವರ ಪ್ರಶ್ನೆ ಕೇಳೋಕೆ.’

ಮೊದಲಿನ ಸಾಲುಗಳಲ್ಲಿ ‘ನಮ್ಮ ಮಗಳು’, ಕೊನೆಯದರಲ್ಲಿ ‘ನಾನು’. ಕೆಳಗೆ ನೋಡಿದರೆ ‘ಪ್ರೊಫೈಲ್ ಮಾಡಿದವರು: ಪೋಷಕರು’ ಅಂತ ಇತ್ತು. ಅಂದರೆ ಅಪ್ಪ ಬರೆದಿದ್ದಾರೆ, ಮಗಳು ಕೊನೆಗೆ ಎರಡು ಸಾಲು ಸೇರಿಸಿದ್ದಾಳೆ. ಈ ಸಲ ಬರೀ ಬಟನ್ ಒತ್ತೋಕೆ ಮನಸ್ಸಾಗಲಿಲ್ಲ. ಕೈಯಾರೆ ಬರೀಬೇಕು ಅನ್ನಿಸ್ತು.

ಅಲ್ಲೇ ಸಿಕ್ಕಿಹಾಕಿಕೊಂಡೆ. ಲಾಗಿನ್ ಅಪ್ಪನದ್ದು, ಮೆಸೇಜ್ ಅವರ ಫೋನಿಗೇ ಹೋಗುತ್ತೆ. ನಾನು ಮಾತಾಡಬೇಕಿರೋದು ಮಗಳ ಜೊತೆ. ಮಗಳಿಗೆ ಅಂತ ಸಲುಗೆಯಿಂದ ಬರೆದರೆ ಅಪ್ಪ ಅಲ್ಲೇ ಡಿಕ್ಲೈನ್ ಮಾಡ್ತಾರೆ. ಅಪ್ಪನಿಗೆ ಅಂತ ಬರೆದರೆ ಅವಳ ಕಣ್ಣಿಗೆ ನಾನು ಸಂಬಂಧ ತಂದ ಬ್ರೋಕರ್ ಥರ ಕಾಣ್ತೀನಿ.

ಮೊದಲ ಡ್ರಾಫ್ಟ್ ಇಂಗ್ಲಿಷಿನಲ್ಲಿತ್ತು, ‘ಹಾಯ್’ ಅಂತ ಶುರು. ಅಳಿಸಿದೆ. ಎರಡನೆಯದು ಕನ್ನಡದಲ್ಲಿ, ‘ಮೇಡಂ’ ಅಂತ ಶುರು. ಅದನ್ನ ಶಿವಮೊಗ್ಗದಲ್ಲಿರೋ ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

“ಏನೋ ಇದು, ರಜೆ ಚೀಟಿ ಬರೆದಂಗಿದೆ? ಮೇಡಂ ಅಂತೆ. ಹುಷಾರಿಲ್ಲ, ಎರಡು ದಿನ ರಜೆ ಕೊಡಿ ಅಂತಾನೂ ಸೇರಿಸಿಬಿಡು.”

“ಮತ್ತೆ ಹೆಸರು ಹಿಡಿದು ಕರೀಲಾ?”

“ಮುಖಾನೇ ನೋಡಿಲ್ಲ, ಹೆಸರು ಹಿಡಿದು ಕರೀತಾನಂತೆ! ನಮಸ್ಕಾರ ಅನ್ನು, ಸಾಕು. ನಮಸ್ಕಾರಕ್ಕೆ ಹೆಸರು ಬೇಕಾಗಲ್ಲ.”

ಅಕ್ಕ ಹೇಳಿದ್ದು ಸರಿ. ಕನ್ನಡದ ‘ನೀವು’ ಇಲ್ಲಿ ನಿಜಕ್ಕೂ ಕೈ ಹಿಡಿಯುತ್ತೆ. ಅಪ್ಪ ಓದಿದರೂ ಮಗಳು ಓದಿದರೂ ಸಲ್ಲುತ್ತೆ. ತೊಡಕು ಬರೋದು ‘ನಿಮ್ಮ ಮಗಳು’, ‘ನಿಮ್ಮ ತಂದೆಯವರು’ ಅಂತ ಒಬ್ಬರ ಪಕ್ಷ ಹಿಡಿದಾಗ. ಹಾಗಾಗಿ ಮೆಸೇಜ್ ಪೂರ್ತಿ ಅವಳಿಗೇ ಬರೆದು, ಹಿರಿಯರಿಗೆ ಒಂದೇ ಒಂದು ಸಾಲು ಇಟ್ಟೆ. ಅದೂ ಮೊದಲಿಗೇ, ಅವರಿಗೆ ಕಾಣುವ ಹಾಗೆ.

ಮುಂದಿನ ತಪ್ಪು ನನ್ನ ಜಂಬದ್ದು. ತಾಳಗುಂದ ಅಂತ ಕಂಡಿದ್ದೇ ತಡ, ನನಗೆ ಗೊತ್ತಿರೋದನ್ನೆಲ್ಲ ಸುರಿದಿದ್ದೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಶಾಸನ, ಅದರಲ್ಲಿ ಬರುವ ಮಯೂರಶರ್ಮನ ಕಥೆ, ಅಲ್ಲೇ ಆಮೇಲೆ ಸಿಕ್ಕ ಸಿಂಹಕಟಾಂಜನ ಶಾಸನ ಹಲ್ಮಿಡಿಗಿಂತ ಹಳೆಯದು ಅನ್ನೋ ಚರ್ಚೆ, ಎಲ್ಲ ಸೇರಿ ಹದಿನಾಲ್ಕು ಸಾಲು. ಅಕ್ಕ ಕೇಳಿದಳು, “ಸಮಾಜ ವಿಜ್ಞಾನದ ಟೀಚರಿಗೆ ನೀನು ಪಾಠ ಮಾಡ್ತೀಯಾ?” ಹದಿನಾಲ್ಕು ಸಾಲೂ ಹೋದವು. ಅದರ ಜಾಗಕ್ಕೆ ಒಂದು ಪ್ರಶ್ನೆ ಬಂತು. ಅವಳ ಆ ಎರಡು ಸಾಲಿನಲ್ಲಿ ಮುಖ್ಯವಾದದ್ದು ದೇವಸ್ಥಾನ ಅಲ್ಲ, ಮಕ್ಕಳ ಪ್ರಶ್ನೆ. ಇದು ನನಗೆ ಹೊಳೆದಿದ್ದು ನಾಲ್ಕನೇ ಸಲ ಓದಿದಾಗ.

ಫೋಟೋ ಬಗ್ಗೆ ಏನೂ ಬರೀಲಿಲ್ಲ. ‘ನಿಮ್ಮ ನಗು ಚೆನ್ನಾಗಿದೆ’ ಅನ್ನೋದು ನಿಜವೇ ಆದರೂ ಅದನ್ನ ಮೊದಲು ಓದೋರು ಅವರಪ್ಪ. ಅಪ್ಪ ಇಲ್ಲದಿದ್ದರೂ, ನೂರು ಜನ ಅದನ್ನೇ ಬರೆದಿರ್ತಾರೆ.

ಇಷ್ಟು ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ನಿಜವಾದ ಕಷ್ಟ ಇನ್ನೂ ಬಾಕಿ ಇತ್ತು.

ತೊಗರ್ಸಿಯಲ್ಲಿ ನಮಗೆ ಎರಡೂವರೆ ಎಕರೆ ಅಡಿಕೆ, ಸ್ವಲ್ಪ ಮೆಕ್ಕೆಜೋಳದ ಹೊಲ ಇದೆ. ಅಪ್ಪಾಜಿಗೆ ಮಂಡಿ ನೋವು, ಕೊನೆ ಕೊಯ್ಲಿಗೆ ಜನ ಹುಡುಕಿ ಹುಡುಕಿ ಸುಸ್ತಾಗಿದ್ದಾರೆ. ಇನ್ನೆರಡು ವರ್ಷದಲ್ಲಿ ನಾನು ಊರಿಗೆ ವಾಪಸ್ ಹೋಗೋದು ಅಂತ ತೀರ್ಮಾನ ಆಗಿದೆ. ಪ್ರೊಫೈಲಿನಲ್ಲಿ ಮಾತ್ರ ನಾನು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ‘ಕೆಲಸದ ಸ್ಥಳ’ ಅನ್ನೋ ಜಾಗದಲ್ಲಿ ಎರಡು ವರ್ಷದ ಮೇಲಿನದನ್ನ ಬರೆಯೋಕೆ ಆಗಲ್ಲ.

ಮಣ್ಣಿನ ಕೆಲಸ ಅಂದರೆ ಹೆಣ್ಣಿನ ಕಡೆಯವರು ಹಿಂದೆ ಸರಿಯೋದು ಎಲ್ಲರಿಗೂ ಗೊತ್ತಿರೋದೇ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ಆ ವಿಡಿಯೋ ನೋಡಿ ನಕ್ಕರು. ನಾನೂ ನಕ್ಕಿದ್ದೆ. ಆಮೇಲೆ ರೂಮಿಗೆ ಬಂದು ಇನ್ನೊಂದು ಸಲ ನೋಡಿದೆ, ನಗು ಬರಲಿಲ್ಲ.

ಹಿಂದೆ ಒಪ್ಪಿಕೊಂಡ ಮೂವರಲ್ಲಿ ಒಬ್ಬರ ಜೊತೆ ಮೂರು ವಾರ ಮಾತಾಡಿದ್ದೆ. ಚೆನ್ನಾಗೇ ಇತ್ತು. ಊರಿಗೆ ಹೋಗೋ ವಿಷಯ ‘ಸಮಯ ನೋಡಿ ಹೇಳೋಣ’ ಅಂದುಕೊಂಡು ಇಪ್ಪತ್ತನೇ ದಿನಕ್ಕೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಮೊದಲನೇ ದಿನ ಹೇಳಿದ್ರೆ ನಾನು ಯೋಚನೆ ಮಾಡ್ತಿದ್ನೇನೋ. ಈಗ ಊರಿನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ ಯೋಚನೆ ಬರ್ತಿದೆ” ಅಂದರು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಅಮ್ಮ ಈಗಲೂ, “ಮೊದಲು ಹುಡುಗಿ ನೋಡ್ಕೊಂಡು ಬರಣ, ಆಮೇಲೆ ಹೇಳಿದ್ರಾತು” ಅಂತಾಳೆ. ಅಕ್ಕನೂ ಮೊದಲ ಮೆಸೇಜಿನಲ್ಲಿ ಬೇಡ ಅಂದಳು. ಆದರೆ ಇವರು ಸರ್ಕಾರಿ ಟೀಚರ್. ವರ್ಗಾವಣೆ ಅಷ್ಟು ಸುಲಭ ಅಲ್ಲ. ಬೆಂಗಳೂರಿನ ಹುಡುಗ ಅಂತಾನೇ ಬೇಡ ಅನ್ನಬಹುದು, ಊರಿಗೆ ಬರ್ತಾನೆ ಅಂತ ಗೊತ್ತಾದರೆ ಬೇಕು ಅನ್ನಲೂಬಹುದು. ಯಾವುದಕ್ಕೂ ಅವರಿಗೆ ವಿಷಯ ಗೊತ್ತಿರಬೇಕಲ್ಲ.

ಹೇಗೆ ಬರೆಯೋದು ಅನ್ನೋದರಲ್ಲೇ ಒಂದು ಗಂಟೆ ಹೋಯ್ತು. ‘ಊರಿಗೆ ಮರಳುವ ಕನಸಿದೆ’ ಅಂದರೆ ಸುಳ್ಳು, ಅದು ಕನಸಲ್ಲ, ತೀರ್ಮಾನ. ‘ತಂದೆಯ ಆರೋಗ್ಯದ ದೃಷ್ಟಿಯಿಂದ ಅನಿವಾರ್ಯವಾಗಿ’ ಅಂದರೆ ಬರೋ ಹುಡುಗಿ ನರ್ಸಿಂಗ್ ಮಾಡಬೇಕೇನೋ ಅನ್ನಿಸುತ್ತೆ. ಕಾರಣ, ಸಮರ್ಥನೆ ಎಲ್ಲ ಬಿಟ್ಟು ಏನು, ಯಾವಾಗ ಅನ್ನೋದಷ್ಟೇ ಉಳಿಸಿದೆ.

ಕೊನೆಗೆ, ಬೇಡ ಅನ್ನೋಕೆ ಅವರಿಗೆ ಒಂದು ದಾರಿ ಇಡಬೇಕಿತ್ತು. ಉತ್ತರಕ್ಕಾಗಿ ಕಾಯುತ್ತಿರುತ್ತೇನೆ ಅಂದರೆ ಓದೋರ ತಲೆ ಮೇಲೆ ಭಾರ. ನಮ್ಮ ಕಡೆ ಮುಖಕ್ಕೆ ಮುಖ ಕೊಟ್ಟು ‘ಬೇಡ’ ಅನ್ನೋದು ಯಾರಿಗೂ ಬರಲ್ಲ. ‘ಜಾತಕ ಕೂಡಿ ಬರಲಿಲ್ಲ’ ಅಂತ ಎಷ್ಟು ಚೆನ್ನಾಗಿ ಕೂಡಿಬಂದ ಜಾತಕಗಳು ಸುಳ್ಳು ಹೊತ್ತಿವೆಯೋ! ಡಿಕ್ಲೈನ್ ಒತ್ತಿದರೆ ಸಾಕು ಅಂತ ನಾನೇ ಬರೆದುಬಿಟ್ಟರೆ ಆ ಸುಳ್ಳು ಬೇಕಾಗಲ್ಲ. ಫೋನ್ ನಂಬರ್ ಹಾಕಲಿಲ್ಲ, ಅವರದ್ದು ಕೇಳಲೂ ಇಲ್ಲ. ನಂಬರ್ ಕೊಟ್ಟರೆ ಮುಂದಿನ ಹೆಜ್ಜೆ ಫೋನೇ ಆಗಬೇಕು ಅಂತ ನಾನೇ ನಿರ್ಧರಿಸಿದ ಹಾಗೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಕಳಿಸಿದ್ದು ಇದು. ರಾತ್ರಿ ಹನ್ನೆರಡಕ್ಕೆ ಬಂದ ಮೆಸೇಜನ್ನ ಯಾವ ಅಪ್ಪ ಮೆಚ್ಚುತ್ತಾರೆ?

‘ನಮಸ್ಕಾರ. ಇದನ್ನು ಮೊದಲು ಓದುವವರು ಮನೆಯ ಹಿರಿಯರಾದರೆ ಅವರಿಗೂ ನನ್ನ ನಮಸ್ಕಾರಗಳು.

ನಾನು ತೊಗರ್ಸಿಯವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಇನ್ನೆರಡು ವರ್ಷದಲ್ಲಿ ಊರಿಗೆ ಬಂದು ನಮ್ಮ ಅಡಿಕೆ ತೋಟ ನೋಡಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಇದು ಪ್ರೊಫೈಲಿನಲ್ಲಿ ಇಲ್ಲದ ಕಾರಣ ಮೊದಲೇ ತಿಳಿಸುತ್ತಿದ್ದೇನೆ.

ಮಕ್ಕಳನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗುವುದು ಅವರ ಪ್ರಶ್ನೆ ಕೇಳುವುದಕ್ಕೆ ಎಂದು ಬರೆದಿದ್ದೀರಿ. ಅಷ್ಟು ಹತ್ತಿರದವನಾದರೂ ಅಲ್ಲಿಗೆ ಹೋದಾಗ ನಾನು ಯಾರನ್ನೂ ಏನೂ ಕೇಳಿದ ನೆನಪಿಲ್ಲ. ಮಕ್ಕಳು ಏನು ಕೇಳುತ್ತಾರೆ?

ಹೊಂದುವುದಿಲ್ಲ ಅನ್ನಿಸಿದರೆ ಡಿಕ್ಲೈನ್ ಒತ್ತಿದರೆ ಸಾಕು, ಕಾರಣ ಬರೆಯಬೇಕಿಲ್ಲ. ಮಾತಾಡಬಹುದು ಅನ್ನಿಸಿದರೆ ಇಲ್ಲಿಯೇ ತಿಳಿಸಿ. ನಿಮ್ಮ ಮನೆಯವರಿಗೆ ಅನುಕೂಲವಾದ ಹಾಗೆ ನಮ್ಮ ತಂದೆಯವರು ಮಾತಾಡುತ್ತಾರೆ.’

ಮೆಸೇಜಿನಲ್ಲಿ ‘ಕರ್ಕೊಂಡು’ ಅನ್ನೋದು ‘ಕರೆದುಕೊಂಡು’ ಆಗಿದ್ದನ್ನ ಗಮನಿಸಿರಬಹುದು. ಅವಳು ಆಡುಮಾತಲ್ಲಿ ಬರೆದಿದ್ದಳು ಅಂತ ನಾನೂ ಹಾಗೇ ಬರೆದು ನೋಡಿದ್ದೆ. ಆದರೆ ಅವಳು ತನ್ನ ಬಗ್ಗೆ ತಾನು ಹಾಗೆ ಬರೆದುಕೊಂಡಿದ್ದಳು. ಪರಿಚಯವಿಲ್ಲದ ಮನೆಯ ಬಾಗಿಲಲ್ಲಿ ನಿಂತ ನಾನು ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು.

ಎರಡನೇ ದಿನ ‘ನೋಡಿದ್ದಾರೆ’ ಅಂತ ತೋರಿಸಿತು. ನಾಲ್ಕನೇ ದಿನ ನನ್ನ ಪ್ರೊಫೈಲ್ ಮತ್ತೆ ತೆರೆದಿದ್ದರು. ಉತ್ತರ ಇಲ್ಲ. ಅಕ್ಕ ದಿನಾ ಸಂಜೆ ಫೋನ್ ಮಾಡಿ ಬೇರೆ ಏನೇನೋ ಮಾತಾಡಿ ಇಡ್ತಿದ್ದಳು. ಆರನೇ ದಿನ, ಮೀಟಿಂಗಿನಲ್ಲಿದ್ದಾಗ ಬಂತು.

‘ಶುಭವಾಗಲಿ. ವಿಷಯ ನೇರವಾಗಿ ತಿಳಿಸಿದ್ದು ಸಂತೋಷ. ತೋಟ ಎಷ್ಟು ಎಕರೆ? ನೀರಿಗೆ ಏನು ವ್ಯವಸ್ಥೆ? ಬೋರು ಎಷ್ಟಿವೆ?’

ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು:

‘ಹೋದ ವರ್ಷ ಎಂಟನೇ ಕ್ಲಾಸಿನ ಹುಡುಗ ಕೇಳಿದ್ದು: ಮಿಸ್, ಕಲ್ಲಲ್ಲಿ ಬರೆಯುವಾಗ ತಪ್ಪಾದ್ರೆ ಏನ್ ಮಾಡ್ತಿದ್ರು? ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಾ?’

ನನಗೂ ಗೊತ್ತಿರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಮೊದಲು ಅಪ್ಪಾಜಿಗೆ ಫೋನ್ ಮಾಡಿದೆ. ಬೋರು ಎರಡಿವೆ, ಹೋದ ಬೇಸಿಗೆಯಲ್ಲಿ ಒಂದು ನಿಂತಿದೆ, ಅದನ್ನೂ ಬರೀಲಾ ಅಂತ ಕೇಳಿದೆ.

ಅಪ್ಪಾಜಿ ಸ್ವಲ್ಪ ಯೋಚಿಸಿ, “ಬರಿ. ಕೆರೆ ಹತ್ರ ಇದೆ ಅಂತಾನೂ ಬರಿ” ಅಂದರು.