ಆರನೆಯ ಬೆರಳು

1
ದೊಡ್ಡನೆಕ್ಕುಂದಿ, ಬೆಳಿಗ್ಗೆ ಎಂಟೂವರೆ. ಕಚೇರಿ ಕಟ್ಟಡದ ಹಿಂದಿನ ಗೇಟಿನಲ್ಲಿ ಬೆರಳಚ್ಚು ಯಂತ್ರ. ನೆಲ ಒರೆಸುವ ಕೆಲಸದ ಹೆಂಗಸು ಹೆಬ್ಬೆರಳು ಇಟ್ಟಳು. ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟಳು. ನಾಲ್ಕನೆಯ ಸಲವೂ ಆಗದಿದ್ದಾಗ ಗಾರ್ಡ್ ಪುಸ್ತಕ ತೆಗೆದು ಹೆಸರು ಬರೆದುಕೊಂಡ. ಸೋಪು, ಬಿಸಿನೀರು, ಫಿನಾಯಿಲು ವರ್ಷಗಟ್ಟಲೆ ತಾಗಿದರೆ ಬೆರಳಿನ ಗೆರೆ ಸವೆಯುತ್ತದೆ.

2
ಅದೇ ರಸ್ತೆಯಲ್ಲಿ ಕೋಚಿಂಗ್ ಕೇಂದ್ರವೊಂದರ ಹೋರ್ಡಿಂಗ್. ಒಬ್ಬಳ ಮುಖ ಆಳೆತ್ತರ. ಕೆಳಗೆ ಸಾಲಾಗಿ ಅಂಚೆಚೀಟಿಯಷ್ಟು ಮುಖಗಳು. ಆ ಸಾಲಿಗೂ ಬಾರದವರು ಎಷ್ಟು ಜನ ಎಂದು ಹೋರ್ಡಿಂಗ್ ಹೇಳುವುದಿಲ್ಲ.

3
ಮಹಡಿ ಮನೆಯ ಅಜ್ಜಿ ರಾತ್ರಿ ಮೊಮ್ಮಗಳಿಗೆ ಚಂದ್ರಹಾಸನ ಕಥೆ ಹೇಳುತ್ತಾರೆ. ಕಿಟಕಿ ತೆರೆದಿದ್ದರೆ ನನಗೂ ಕೇಳುತ್ತದೆ. ಅಜ್ಜಿ ಓದಿದ್ದು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ. ಮೊಮ್ಮಗಳು ಓದುವುದು ಹ್ಯಾರಿ ಪಾಟರ್.

ಎರಡೂ ಕಥೆಗಳ ಹುಡುಗರು ಅನಾಥರು. ಇಬ್ಬರ ಮೈಮೇಲೂ ಒಂದು ಗುರುತು. ಇಬ್ಬರನ್ನೂ ಚಿಕ್ಕಂದಿನಲ್ಲೇ ಕೊಲ್ಲಲು ನೋಡಿದ ಒಬ್ಬ ದೊಡ್ಡವನು.

4
ಚಂದ್ರಹಾಸನ ಗುರುತು ಎಡಗಾಲಿನ ಆರನೆಯ ಬೆರಳು. ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಎರಡೂ ಕೆಟ್ಟ ಗುರುತುಗಳು. ತಂದೆ, ಕೇರಳದ ಅರಸ, ಯುದ್ಧದಲ್ಲಿ ಸತ್ತ. ತಾಯಿಯೂ ಸತ್ತಳು. ದಾದಿ ಮಗುವನ್ನು ಕುಂತಳಪುರಕ್ಕೆ ಎತ್ತಿಕೊಂಡು ಬಂದಳು. ಕೆಲವು ದಿನಕ್ಕೆ ಅವಳೂ ಇಲ್ಲ.

ಮೂಲಾ ನಕ್ಷತ್ರದ ಹೆಣ್ಣನ್ನು ಮಾವನಿಲ್ಲದ ಮನೆಗೆ ಕೊಡಬೇಕು ಎನ್ನುವ ಮಾತು ಈ ಬೀದಿಯಲ್ಲಿ ಇಂದಿಗೂ ಇದೆ.

5
ಮಂತ್ರಿ ದುಷ್ಟಬುದ್ಧಿಯ ಮನೆಯಲ್ಲಿ ಊಟಕ್ಕೆ ಬಂದ ಬ್ರಾಹ್ಮಣರು ಬೀದಿಯ ಹುಡುಗನನ್ನು ನೋಡಿ, ಈ ಸಂಪತ್ತಿಗೆಲ್ಲ ಇವನೇ ಒಡೆಯನಾಗುತ್ತಾನೆ ಎಂದರು. ಮಂತ್ರಿ ನಕ್ಕು ಬಿಟ್ಟಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಅವನು ನಂಬಿದ. ಹುಡುಗನನ್ನು ಕಾಡಿನಲ್ಲಿ ಕೊಂದು ಕುರುಹು ತನ್ನಿ ಎಂದು ಕಟುಕರನ್ನು ಕಳಿಸಿದ.

ಭವಿಷ್ಯವನ್ನು ಮೊದಲು ನಂಬಿದವನು ಶತ್ರು. ಹುಡುಗನಿಗೆ ಗೊತ್ತೇ ಇರಲಿಲ್ಲ.

6
ಕಟುಕರಿಗೆ ಕರುಣೆ ಬಂತು. ಕುರುಹು ಬೇಕಲ್ಲ. ಆರನೆಯ ಬೆರಳನ್ನು ಕತ್ತರಿಸಿ ತಂದು ತೋರಿಸಿದರು.

ಇದನ್ನು ಎರಡು ಸಲ ಬರೆದುಕೊಂಡಿದ್ದೇನೆ. ಕೊಲ್ಲಲು ಕಳಿಸಿದ್ದರಿಂದಲೇ ಮೈಮೇಲಿನ ಕೆಟ್ಟ ಗುರುತು ಹೋಯಿತು. ಉಳಿದದ್ದು ಐದು ಬೆರಳಿನ ಕಾಲು. ಬೇಟೆಗೆ ಬಂದ ಕುಳಿಂದ ಅವನನ್ನು ಕಂಡು ಚಂದನಾವತಿಗೆ ಕರೆದೊಯ್ದು ಮಗನಂತೆ ಸಾಕಿದ.

7
ವರ್ಷಗಳ ಮೇಲೆ ದುಷ್ಟಬುದ್ಧಿ ಚಂದನಾವತಿಗೆ ಬಂದು ಗುರುತು ಹಿಡಿದ. ತನ್ನ ಮಗ ಮದನನಿಗೆ ಪತ್ರ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕೊಟ್ಟು ಕಳಿಸಿದ. ತಂದವನಿಗೆ ವಿಷವ ಕೊಡು ಎಂಬುದು ಪತ್ರದ ಸಾರ. ಚಂದ್ರಹಾಸ ಊರ ಹೊರಗಿನ ತೋಟದಲ್ಲಿ ನಿದ್ದೆ ಹೋದ. ಮಂತ್ರಿಯ ಮಗಳು ವಿಷಯೆ ಅಲ್ಲಿಗೆ ಬಂದಳು, ನೋಡಿದಳು, ಪತ್ರ ಬಿಚ್ಚಿ ಓದಿದಳು. ಇಷ್ಟು ಚೆಲುವನಿಗೆ ಅಪ್ಪ ವಿಷ ಕೊಡಿಸುವುದುಂಟೆ, ಅವಸರದಲ್ಲಿ ತಪ್ಪು ಬಿದ್ದಿದೆ ಎಂದುಕೊಂಡಳು. ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿದಳು. ‘ವಿಷವ’ ಹೋಗಿ ‘ವಿಷಯೆ’ ಆಯಿತು. ಅಪ್ಪನ ಮಾತೆಂದು ಮದನ ತಂಗಿಯನ್ನು ಧಾರೆ ಎರೆದು ಕೊಟ್ಟ.

ಹಣೆಬರಹ ತಿದ್ದಲಾಗದು ಎನ್ನುವ ಜನರೇ ಈ ಕಥೆಯನ್ನು ತಲೆಮಾರುಗಳಿಂದ ಕೇಳಿಸಿಕೊಂಡು ಬಂದಿದ್ದಾರೆ.

8
ಈ ಹೊತ್ತಿನಲ್ಲಿ ನಾಯಕ ಮಾಡಿದ ಕೆಲಸ: ನಿದ್ದೆ.

ನಮ್ಮ ಜನಪದ ಕಥೆಗಳಲ್ಲಿ ಅರಸ ಮಕ್ಕಳಿಲ್ಲದೆ ಸತ್ತರೆ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಡುತ್ತಾರೆ. ಅದು ಊರಿನ ದೊಡ್ಡವರನ್ನೆಲ್ಲ ದಾಟಿ ಹೋಗಿ ಯಾರೋ ಪರದೇಶಿಯ ಕೊರಳಿಗೆ ಹಾಕುತ್ತದೆ. ಅವನೂ ಎಷ್ಟೋ ಸಲ ಮರದ ಕೆಳಗೆ ಮಲಗಿರುತ್ತಾನೆ.

ಟೆಕ್ ಪಾರ್ಕಿನ ಕಾಂಪೌಂಡಿನ ನೆರಳಲ್ಲಿ ಮಧ್ಯಾಹ್ನ ಡೆಲಿವರಿ ಹುಡುಗರು ಬೈಕಿನ ಮೇಲೆ ಮಲಗಿರುತ್ತಾರೆ. ಅವರಲ್ಲೊಬ್ಬನನ್ನು ಕೇಳಿದೆ: ಆನೆ ಮಾಲೆ ಹಾಕುವ ಕಥೆ ಗೊತ್ತೇನಪ್ಪಾ? ಗೊತ್ತು ಸಾರ್, ನಮ್ಮಜ್ಜಿ ಹೇಳೋರು, ಎಂದ. ಇಷ್ಟವೇ ಎಂದೆ. ಪರೀಕ್ಷೆ ಇಲ್ವಲ್ಲ ಸಾರ್, ಎಂದ.

9
ಕಡೆಯ ಸಂಚು. ದುಷ್ಟಬುದ್ಧಿ ಅಳಿಯನನ್ನು ಸಂಜೆ ಕಾಳಿಯ ಗುಡಿಗೆ ಪೂಜೆಗೆ ಹೋಗು ಎಂದ. ಅಲ್ಲಿ ಕಟುಕರನ್ನು ಅಡಗಿಸಿಟ್ಟಿದ್ದ. ಅದೇ ಸಂಜೆ ಕುಂತಳದ ಅರಸ ಪಟ್ಟ ಬಿಡಲು ತೀರ್ಮಾನಿಸಿ, ಚಂದ್ರಹಾಸನನ್ನು ಕರೆತಾ ಎಂದು ಮದನನಿಗೆ ಹೇಳಿದ. ದಾರಿಯಲ್ಲಿ ಭಾವನೂ ಭಾವಮೈದುನನೂ ಎದುರಾದರು. ನೀನು ಅರಮನೆಗೆ ಹೋಗು, ಪೂಜೆ ನಾನು ಮುಗಿಸುತ್ತೇನೆ ಎಂದು ಮದನ ತಟ್ಟೆ ತೆಗೆದುಕೊಂಡ.

ಚಂದ್ರಹಾಸನಿಗೆ ಪಟ್ಟವಾಯಿತು. ಮದನನನ್ನು ಕಡಿದರು.

ಮೊಮ್ಮಗಳು ಇಲ್ಲಿ ಅಜ್ಜಿಯನ್ನು ನಿಲ್ಲಿಸಿದಳು. ‘ಅಜ್ಜಿ, ಮದನ ಏನು ತಪ್ಪು ಮಾಡಿದ್ದ?’

‘ಏನೂ ಇಲ್ಲ ಕಣೇ ಪುಟ್ಟಿ.’

‘ಮತ್ತೆ?’

ಅಜ್ಜಿ ಕಥೆಯ ಕೊನೆಗೆ ಓಡಿದರು. ಮಗನ ಹೆಣ ಕಂಡು ದುಷ್ಟಬುದ್ಧಿಯೂ ಪ್ರಾಣ ಬಿಟ್ಟ. ಚಂದ್ರಹಾಸ ತನ್ನನ್ನೇ ಬಲಿ ಕೊಡಲು ಹೊರಟಾಗ ಕಾಳಿ ಬಂದು ಇಬ್ಬರನ್ನೂ ಬದುಕಿಸಿದಳು. ಹುಡುಗಿ ಮಲಗಿದ ಸದ್ದು ಕೇಳಲಿಲ್ಲ. ಮದನನ ಪ್ರಶ್ನೆಯನ್ನು ಹಳೆಯ ಕವಿಯೂ ಬಿಟ್ಟುಬಿಡಲಿಲ್ಲ ಅನಿಸುತ್ತದೆ. ಬಿಡುವಂತಿದ್ದರೆ ಕಾಳಿ ಬರಬೇಕಾಗಿರಲಿಲ್ಲ.

10
ಇನ್ನೊಂದು ಬೆರಳು. ಏಕಲವ್ಯನ ಬಲಗೈ ಹೆಬ್ಬೆರಳು. ದ್ರೋಣ ಆರಿಸಿಕೊಂಡದ್ದು ಅರ್ಜುನನನ್ನು. ಅವನೇ ಮೊದಲಿಗನಾಗಿ ಉಳಿಯಲು ಕಾಡಿನ ಹುಡುಗನ ಬೆರಳು ಬೇಕಾಯಿತು.

ಕುವೆಂಪು 1947ರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಅರ್ಜುನನನ್ನು ಬದಿಗೆ ಸರಿಸಿ ಏಕಲವ್ಯನನ್ನೂ ಅವನ ತಾಯಿಯನ್ನೂ ನಡುವೆ ನಿಲ್ಲಿಸಿದರು. ಬೆರಳಿಗೆ ಪ್ರತಿಯಾಗಿ ಕೊರಳು ಎಂಬ ಲೆಕ್ಕ ಹೆಸರಿನಲ್ಲೇ ಇದೆ. ದ್ರೋಣನ ಕೊರಳು ಯುದ್ಧದಲ್ಲಿ ಹೋಗುವುದು ಕನ್ನಡಿಗರಿಗೆಲ್ಲ ಮೊದಲೇ ಗೊತ್ತಿತ್ತು. ಏಕೆ ಹೋಯಿತೆಂಬುದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

11
ಒಬ್ಬನ ಬೆರಳು ಹೋಗಿ ಅವನು ಅರಸನಾದ. ಇನ್ನೊಬ್ಬನ ಬೆರಳು ಹೋಗಿ ಬೇರೆಯವನು ವೀರನಾದ.

12
ಆಟೋ ಹಿಂಬದಿಯಲ್ಲಿ ಕೆ.ಜಿ.ಎಫ್. ಚಿತ್ರದ ರಾಕಿ. ಮೊದಲ ಭಾಗ ಬಂದದ್ದು 2018ರ ಡಿಸೆಂಬರ್, ಎರಡನೆಯದು 2022ರ ಏಪ್ರಿಲ್. ಚಿತ್ರದಲ್ಲಿ ಗಣಿ ಹುಟ್ಟಿದ್ದೂ ನಾಯಕ ಹುಟ್ಟಿದ್ದೂ 1951ರಲ್ಲಿ. ಸಾಯುವ ತಾಯಿಗೆ ಕೊಟ್ಟ ಮಾತು ಒಂದಿದೆ. ಗುಲಾಮರು ಕಾಯುತ್ತಿದ್ದಾರೆ. ಅವನು ಮುಂಬಯಿಯಿಂದ ಬರುತ್ತಾನೆ.

ಹಳೆಯ ಅಚ್ಚು ಅಲ್ಲಿಯವರೆಗೆ ಹಾಗೇ ಇದೆ. ಬಿರುಕು ಎರಡನೆಯ ಭಾಗದಲ್ಲಿ. ಬಿಡಿಸಲು ಬಂದವನು ಗಣಿ ಮುಚ್ಚುವುದಿಲ್ಲ, ಒಡೆಯನಾಗುತ್ತಾನೆ. ಇನ್ನಷ್ಟು ಅಗೆಸುತ್ತಾನೆ. ಮಾತು ಕೊಟ್ಟದ್ದು ತಾಯಿಗೆ, ಗಣಿಯ ಜನಕ್ಕಲ್ಲ. ಕೊನೆಗೆ ಚಿನ್ನದ ಜೊತೆ ಸಮುದ್ರದಲ್ಲಿ ಮುಳುಗುತ್ತಾನೆ. ಥಿಯೇಟರಿನಲ್ಲಿ ಈ ಬಿರುಕಿನ ಜಾಗದಲ್ಲೂ ಶಿಳ್ಳೆ ಬಿತ್ತು.

13
ನಿಜವಾದ ಕೆ.ಜಿ.ಎಫ್. ಇಲ್ಲಿಂದ ಪೂರ್ವಕ್ಕೆ. ಗಣಿ ಶುರುವಾದದ್ದು 1880ರ ದಶಕದಲ್ಲಿ, ನಡೆಸಿದ್ದು ಜಾನ್ ಟೇಲರ್ ಕಂಪನಿ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಬೋಳು ದಿಬ್ಬಗಳು ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣು.

ಗಣಿ ಮುಚ್ಚಿದ ಊರಿನ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ, ಬಂಗಾರಪೇಟೆ ದಾಟಿ, ವೈಟ್‌ಫೀಲ್ಡ್, ಕೃಷ್ಣರಾಜಪುರದಲ್ಲಿ ಇಳಿದು ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ವಾಪಸ್. ನಮ್ಮ ಬೀದಿಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಅವರಲ್ಲೊಬ್ಬ. ಚಿತ್ರ ಮೂರು ಸಲ ನೋಡಿದ್ದಾನೆ. ‘ನಮ್ಮ ತಾತ ಗಣಿಯೊಳಗೇ ಇದ್ರು ಅಣ್ಣಾ. ಅವರು ಹೇಳಿದ್ರಲ್ಲಿ ರಾಕಿ ಥರ ಯಾರೂ ಇರ್ಲಿಲ್ಲ. ಎಲ್ಲರೂ ಇದ್ರು.’

14
ಅವನು ಹೇಳಿದ್ದಕ್ಕೆ ಹತ್ತಿರದ ಒಂದು ಘಟನೆ. 1930ರಲ್ಲಿ ಗಣಿಯ ಕೂಲಿಗಳ ಬೆರಳಚ್ಚು ತೆಗೆದು ನೋಂದಾಯಿಸಲು ಕಂಪನಿ ಹೊರಟಿತು. ಜನ ಒಪ್ಪಲಿಲ್ಲ. ಸುಮಾರು ಮೂರು ವಾರ ಕೆಲಸ ನಿಂತಿತು. ಸಾವಿರಾರು ಜನ, ಕಾರ್ಮಿಕ ಸಂಘ ಇನ್ನೂ ಕಟ್ಟಿರಲಿಲ್ಲ.

ಇದನ್ನು ಸಿನಿಮಾ ಮಾಡಿದರೆ ಪೋಸ್ಟರಿನಲ್ಲಿ ಯಾರ ಮುಖ ಹಾಕುವುದು ಎಂದು ಹುಡುಗನನ್ನು ಕೇಳಿದೆ. ತೆರೆದಿಟ್ಟ ಫೋನಿನ ಕಡೆ ನೋಡುತ್ತಾ ಸುಮ್ಮನಿದ್ದ. ಆಮೇಲೆ, ‘ಟಿಕೆಟ್ ಯಾರು ತಗೋತಾರೆ ಅಣ್ಣಾ’ ಎಂದ.

ಒಂದು ಮುಖ ಇದ್ದರೆ ಕಣ್ಣು ಎಲ್ಲಿ ಇಡಬೇಕೆಂದು ತಿಳಿಯುತ್ತದೆ. ಕಥೆ ನೆನಪಿನಲ್ಲಿ ಉಳಿಯುವುದಕ್ಕೂ ಇದಕ್ಕೂ ಸಂಬಂಧವಿರಬೇಕು. ಇದಷ್ಟೇ ಕಾರಣವೆಂದು ನನಗೆ ಅನಿಸುವುದಿಲ್ಲ. ಡೆಲಿವರಿ ಹುಡುಗ ಹೇಳಿದ್ದನ್ನೂ ಇದರ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.

15
ಮೊಮ್ಮಗಳಿಂದ ಕಲಿತದ್ದು: ಹ್ಯಾರಿ ಪಾಟರಿನ ಐದನೆಯ ಪುಸ್ತಕದಲ್ಲಿ (2003) ಭವಿಷ್ಯವಾಣಿ ಇಬ್ಬರು ಹುಡುಗರಿಗೆ ಹೊಂದುತ್ತಿತ್ತು ಎಂದು ತಿಳಿಯುತ್ತದೆ. ಇನ್ನೊಬ್ಬ ನೆವಿಲ್, ತರಗತಿಯಲ್ಲಿ ತಡವರಿಸುವವನು. ಹ್ಯಾರಿಯನ್ನು ಆರಿಸಿದ್ದು ವಿಧಿಯಲ್ಲ, ಕೊಲ್ಲಲು ಬಂದವನು. ‘ದುಷ್ಟಬುದ್ಧಿ ಥರಾನೇ’ ಎಂದಳು.

ಅಮೆರಿಕದ ಫ್ರಾಂಕ್ ಹರ್ಬರ್ಟ್ 1965ರ ‘ಡ್ಯೂನ್’ ಕಾದಂಬರಿಯಲ್ಲಿ ಇನ್ನೂ ಹಿಂದಕ್ಕೆ ಹೋದ. ಮರಳುಗಾಡಿನ ಜನ ಕಾಯುತ್ತಿದ್ದ ರಕ್ಷಕನ ನಂಬಿಕೆಯನ್ನು ಹೊರಗಿನ ಒಂದು ಸಂಘ ಎಷ್ಟೋ ಮೊದಲೇ ಬಿತ್ತಿತ್ತು, ತಮ್ಮವರಿಗೆ ಮುಂದೆ ಉಪಯೋಗವಾಗಲೆಂದು. ಬಂದವನು ಆ ಪೈರನ್ನು ಕೊಯ್ದ.

16
ಕುವೆಂಪು ಮತ್ತೆ, 1967. ‘ಮಲೆಗಳಲ್ಲಿ ಮದುಮಗಳು’. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎನ್ನುವ ಅರ್ಥದ ಮಾತನ್ನು ಬಾಗಿಲಲ್ಲೇ ಇಟ್ಟಿದ್ದಾರೆ. ಶುರುವಾಗುವುದು ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ. ನಾಯಿಗೂ ಪೂರ್ತಿ ಬದುಕು ಇದೆ.

ರಂಗನಿರ್ದೇಶಕ ಬಸವಲಿಂಗಯ್ಯ ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿಸಿದಾಗ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ನೋಡಿದೆ. ರಂಗ ಒಂದಲ್ಲ. ಚಾಪೆ, ಶಾಲು ಹೊತ್ತು ಜನ ಒಂದರಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಿದ್ದರು. ಕತ್ತಲಲ್ಲಿ ಪಕ್ಕದವರು, ‘ಹೀರೋ ಯಾರ್ರೀ ಇದರಲ್ಲಿ?’ ಎಂದರು. ಬೆಳಗಿನ ಜಾವದ ಹೊತ್ತಿಗೆ ಅವರು ಆ ಪ್ರಶ್ನೆ ಬಿಟ್ಟು ಗುತ್ತಿ ಎಲ್ಲಿ ಹೋದ ಎಂದು ಕೇಳುತ್ತಿದ್ದರು.

17
ಚಂದ್ರಹಾಸ ಮತ್ತೆ. ನಿನ್ನೆ ರಾತ್ರಿ ಮೊಮ್ಮಗಳೇ ಅಜ್ಜಿಗೆ ಕಥೆ ಹೇಳಿದಳು. ಅವಳ ಕಥೆ ವಿಷಯೆಯಿಂದ ಶುರುವಾಯಿತು. ಕಾಡಿಗೆಯ ಡಬ್ಬಿ ತೋಟಕ್ಕೆ ಹೋಗುವಾಗಲೂ ಅವಳ ಸೊಂಟದಲ್ಲೇ ಇತ್ತಂತೆ. ಮಲಗಿದ್ದ ಹುಡುಗನ ಹೆಸರು ಹೇಳಲು ಮರೆತಳು. ಅಜ್ಜಿ ತಿದ್ದಲಿಲ್ಲ.

18
ಇಂದು ಎಂಟೂವರೆ. ಅದೇ ಹೆಂಗಸು, ಅದೇ ಯಂತ್ರ. ಹೆಬ್ಬೆರಳು ಆಗಲಿಲ್ಲ. ಗಾರ್ಡ್ ಹೇಳಿದ: ‘ಅಕ್ಕಾ, ಬೇರೆ ಬೆರಳು ನೋಡಿ.’ ಒಂದೊಂದಾಗಿ ಇಟ್ಟಳು. ಎಡಗೈ ಕಿರುಬೆರಳಿಗೆ ಹಸಿರು ದೀಪ ಹತ್ತಿತು.